ಸ್ವೈಪಿಂಗ್ ಮಷಿನ್ ಮುಂದೆ ಮೊಬೈಲ್ ಟ್ಯಾಪ್ ಆಗದಿದ್ದರೆ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಬಿಲ್ ಆಗಿದೆ, ಅಂಗಡಿಯವರು ಮಷಿನ್ ಮುಂದಕ್ಕೆ ಚಾಚಿದ್ದಾರೆ, ನೀವು ಮೊಬೈಲ್ ತಾಗಿಸುತ್ತೀರಿ, ಏನೂ ಆಗುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕೈಗೆ ಸಿಕ್ಕ ಸೆಟ್ಟಿಂಗ್ ಎಲ್ಲ ತಿರುವಿ ನೋಡುತ್ತಾರೆ. ಆಮೇಲೆ ಯಾವುದರಿಂದ ಸರಿಹೋಯಿತು ಎಂಬುದೂ ತಿಳಿಯುವುದಿಲ್ಲ, ಮುಂದಿನ ವಾರ ಅದೇ ಕಥೆ. ಟ್ಯಾಪ್ ಎಲ್ಲಿ ನಿಂತಿತು ಎಂದು ಮೊದಲು ಗುರುತಿಸಿದರೆ ತಿರುವಬೇಕಾದ ಸೆಟ್ಟಿಂಗ್ ಒಂದೋ ಎರಡೋ ಮಾತ್ರ ಉಳಿಯುತ್ತದೆ. ಈ ಬರಹ ಭಾರತದಲ್ಲಿ ಆಂಡ್ರಾಯ್ಡ್ ಫೋನ್ ಬಳಸಿ, ಗೂಗಲ್ ಪೇ ಅಥವಾ ಸ್ಯಾಮ್‌ಸಂಗ್ ವ್ಯಾಲೆಟ್‌ಗೆ ಕಾರ್ಡ್ ಸೇರಿಸಿ ಟ್ಯಾಪ್ ಮಾಡುವವರಿಗೆ.

ಎಲ್ಲಕ್ಕಿಂತ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. "ಗೂಗಲ್ ಪೇ ಚೆನ್ನಾಗೇ ಇದೆ, ದಿನಾ ಸ್ಕ್ಯಾನ್ ಮಾಡಿ ದುಡ್ಡು ಕೊಡ್ತೀನಿ, ಟ್ಯಾಪ್ ಮಾತ್ರ ಆಗಲ್ಲ" ಎನ್ನುವವರು ತುಂಬಾ ಜನ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹಣ ಯುಪಿಐ ಮೂಲಕ ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗುತ್ತದೆ. ಸ್ವೈಪಿಂಗ್ ಮಷಿನ್‌ಗೆ ಟ್ಯಾಪ್ ಮಾಡಿದಾಗ ಹೋಗುವುದು ಕಾರ್ಡ್ ಮೂಲಕ. ಆ್ಯಪ್‌ನಲ್ಲಿ ಖಾತೆ ಜೋಡಿಸಿದ್ದರೆ ಸಾಲದು. ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡನ್ನು ಬೇರೆಯಾಗಿ ಸೇರಿಸಿ, ಬ್ಯಾಂಕಿನಿಂದ ಬರುವ ಓಟಿಪಿ ಹಾಕಿ, ಟ್ಯಾಪ್‌ಗೆ ಚಾಲೂ ಮಾಡಿರಬೇಕು. ಎಲ್ಲ ಬ್ಯಾಂಕಿನ ಎಲ್ಲ ಕಾರ್ಡುಗಳೂ ಇದಕ್ಕೆ ಒಗ್ಗುವುದಿಲ್ಲ. ಒಗ್ಗದ ಕಾರ್ಡಾದರೆ ಸೇರಿಸುವಾಗಲೇ ಆ್ಯಪ್ ಹೇಳಿಬಿಡುತ್ತದೆ. ಪಾವತಿ ವಿಧಾನಗಳ ಪಟ್ಟಿಯಲ್ಲಿ ನಿಮ್ಮ ಬ್ಯಾಂಕ್ ಖಾತೆ ಮಾತ್ರ ಇದ್ದು ಕಾರ್ಡ್ ಕಾಣದಿದ್ದರೆ ಮುಂದಿನ ಯಾವ ಹೆಜ್ಜೆಯೂ ಬೇಕಿಲ್ಲ, ಮೊದಲು ಕಾರ್ಡ್ ಸೇರಿಸಿ.

ಮಷಿನ್ ಏನು ಹೇಳುತ್ತಿದೆ?

ಮಷಿನ್ ಟ್ಯಾಪ್‌ಗೆ ಸಿದ್ಧವಾಗಿದೆಯೇ ನೋಡಿ. ಅಂಗಡಿಯವರು ಮೊತ್ತ ಒತ್ತಿ ಮುಂದುವರಿಸುವ ತನಕ ತಾಗಿಸಿದ ಕಾರ್ಡ್ ಅಥವಾ ಫೋನಿನ ಜೊತೆ ತಂತಿಯಿಲ್ಲದೆ ಮಾತಾಡುವ ಅದರ ಎನ್‌ಎಫ್‌ಸಿ ರೀಡರ್ ಚಾಲೂ ಆಗುವುದಿಲ್ಲ, ಅಲ್ಲಿಯವರೆಗೆ ತಾಗಿಸಿದ್ದೆಲ್ಲ ವ್ಯರ್ಥ. ಸಿದ್ಧವಾದ ಮಷಿನ್‌ನ ಪರದೆಯಲ್ಲಿ ಮೊತ್ತದ ಜೊತೆಗೆ ನಾಲ್ಕು ಬಾಗಿದ ಗೆರೆಗಳ ಅಲೆಯ ಗುರುತು ಕಾಣುತ್ತದೆ. ಕೆಲವು ಮಷಿನ್‌ಗಳಲ್ಲಿ ಸಾಲಾಗಿ ನಾಲ್ಕು ಪುಟ್ಟ ದೀಪಗಳಿರುತ್ತವೆ. ಕಾರ್ಡಿನ ಮಾಹಿತಿ ಪೂರ್ತಿ ಓದಿಯಾದಾಗ ನಾಲ್ಕೂ ಹತ್ತಿ ಒಂದು ಬೀಪ್ ಬರುತ್ತದೆ. ತಾಗಿಸಬೇಕಾದ ಜಾಗವೂ ಒಂದೊಂದು ಮಷಿನ್‌ಗೆ ಒಂದೊಂದು ಕಡೆ. ಕೆಲವದರಲ್ಲಿ ಪರದೆಯ ಮೇಲೇ, ಕೆಲವದರಲ್ಲಿ ಚೀಟಿ ಬರುವ ಪ್ರಿಂಟರ್ ಮುಚ್ಚಳದ ಮೇಲೆ, ಇನ್ನು ಕೆಲವದರಲ್ಲಿ ಬದಿಯಲ್ಲಿ. ಅಲೆಯ ಗುರುತು ಎಲ್ಲಿ ಅಚ್ಚಾಗಿದೆಯೋ ಅಲ್ಲಿ ತಾಗಿಸಿ.

ಅನುಮಾನ ಬಂದರೆ ಅಲೆಯ ಗುರುತಿರುವ ಪ್ಲಾಸ್ಟಿಕ್ ಕಾರ್ಡನ್ನೇ ಅದೇ ಜಾಗಕ್ಕೆ ಹಿಡಿಯಿರಿ. ಅದನ್ನೂ ಮಷಿನ್ ಗಮನಿಸದಿದ್ದರೆ ತೊಂದರೆ ನಿಮ್ಮ ಫೋನಿನಲ್ಲಿಲ್ಲ, ಆ ಮಷಿನ್‌ನಲ್ಲಿ ಟ್ಯಾಪ್ ಬಂದ್ ಆಗಿದೆ. ಪ್ಲಾಸ್ಟಿಕ್ ಕಾರ್ಡ್ ಓದಿ, ಫೋನ್ ಓದದಿದ್ದರೆ ಕೆಳಗಿನ ಮೂರರಲ್ಲಿ ನಿಮ್ಮದು ಯಾವುದು ಎಂದು ನೋಡಿ.

1. ಫೋನೂ ಸುಮ್ಮನಿದೆ, ಮಷಿನ್ನೂ ಸುಮ್ಮನಿದೆ. ಎನ್‌ಎಫ್‌ಸಿ ಬಂದ್ ಆಗಿದೆ, ಅಥವಾ ಕವರ್ ಅಡ್ಡ ಬರುತ್ತಿದೆ, ಅಥವಾ ಫೋನಿನ ತಪ್ಪು ಭಾಗ ತಾಗುತ್ತಿದೆ.
2. ಫೋನ್ ನಡುಗುತ್ತದೆ, ಬೇರೆ ಯಾವುದೋ ಆ್ಯಪ್ ತೆರೆಯುತ್ತದೆ ಅಥವಾ ಲಾಕ್ ತೆಗೆಯಲು ಕೇಳುತ್ತದೆ, ಮಷಿನ್ ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲಿ ಸಂಕೇತ ತಲುಪಿದೆ, ಉತ್ತರ ಕೊಡಬೇಕಾದ ಆ್ಯಪ್ ಕೊಟ್ಟಿಲ್ಲ. ಡೀಫಾಲ್ಟ್ ಆ್ಯಪ್ ನೋಡಬೇಕು.
3. ಮಷಿನ್ ಬೀಪ್ ಮಾಡಿ, ಕೆಲವು ಸೆಕೆಂಡ್ ಯೋಚಿಸಿ, `DECLINED` ಎನ್ನುತ್ತದೆ. ಫೋನ್ ತನ್ನ ಕೆಲಸ ಮುಗಿಸಿದೆ. ತಡೆದದ್ದು ಬ್ಯಾಂಕ್.

ಮಷಿನ್ ಒಂದೇ ಕಾರ್ಡ್ ಹಿಡಿಯಿರಿ ಎಂಬರ್ಥದ ಸಂದೇಶ ತೋರಿಸಿದರೆ ನೇರವಾಗಿ ಕವರ್‌ನ ಭಾಗಕ್ಕೆ ಹೋಗಿ.

ಎನ್‌ಎಫ್‌ಸಿ ಇದೆಯೇ, ಚಾಲೂ ಇದೆಯೇ

ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಪಟ್ಟಿಯಲ್ಲಿ `NFC` ಎಂದು ಹೊಡೆಯಿರಿ. ಏನೂ ಬರದಿದ್ದರೆ ನಿಮ್ಮ ಫೋನಿನಲ್ಲಿ ಆ ಚಿಪ್ಪೇ ಇಲ್ಲ, ಯಾವ ಆ್ಯಪ್ ಹಾಕಿದರೂ ಟ್ಯಾಪ್ ಆಗುವುದಿಲ್ಲ. ಇಲ್ಲಿ ಮಾರುವ ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳ ಸ್ಥಿತಿ ಇದು. ಹೊರದೇಶದಲ್ಲಿ ಎನ್‌ಎಫ್‌ಸಿ ಜೊತೆ ಮಾರಾಟವಾಗುವ ಮಾದರಿಯೇ ಅದೇ ಹೆಸರಿನಲ್ಲಿ ಭಾರತಕ್ಕೆ ಬರುವಾಗ ಎನ್‌ಎಫ್‌ಸಿ ಇಲ್ಲದೆ ಬರುವುದುಂಟು. ಹಾಗಾಗಿ ಯೂಟ್ಯೂಬ್ ವಿಡಿಯೋ ನೋಡಿ ತೀರ್ಮಾನಿಸಬೇಡಿ, ನಿಮ್ಮ ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್ ಏನು ಹೇಳುತ್ತದೋ ಅದನ್ನು ನಂಬಿ.

ಹುಡುಕಾಟದಲ್ಲಿ ಸಿಗುವ ಜಾಗ ಸ್ಯಾಮ್‌ಸಂಗ್‌ನಲ್ಲಿ `Connections` ಒಳಗಿನ `NFC and contactless payments`. ಪಿಕ್ಸೆಲ್‌ನಲ್ಲಿ `Connected devices`, ಅದರೊಳಗೆ `Connection preferences`, ಅದರೊಳಗೆ `NFC`. ಸ್ವಿಚ್ ಆಗಲೇ ಆನ್ ಇದ್ದರೂ ಒಮ್ಮೆ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಎನ್‌ಎಫ್‌ಸಿ ನೋಡಿಕೊಳ್ಳುವ ತಂತ್ರಾಂಶ ಒಳಗೊಳಗೇ ಸಿಕ್ಕಿಹಾಕಿಕೊಂಡಿದ್ದರೆ ಇದರಿಂದ ಬಿಡುತ್ತದೆ. ಬಿಡದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ. ಬ್ಯಾಟರಿ ಉಳಿಸುವ ಮೋಡ್ ಹಾಕಿದಾಗ ಕೆಲವು ಫೋನ್‌ಗಳು ಎನ್‌ಎಫ್‌ಸಿಯನ್ನೂ ನಿಲ್ಲಿಸುತ್ತವೆ. ಸಂಜೆ ಹೊತ್ತಿಗೆ ಮಾತ್ರ ಟ್ಯಾಪ್ ಕೈಕೊಡುತ್ತದೆ ಎನ್ನುವವರು ಇದನ್ನೇ ಮೊದಲು ನೋಡಬೇಕು.

ಅಂಗಡಿಗೆ ಹೋಗದೆಯೂ ಎನ್‌ಎಫ್‌ಸಿ ಪರೀಕ್ಷಿಸಬಹುದು. ಮೆಟ್ರೊ ಕಾರ್ಡ್ ಅಥವಾ ಅಲೆಯ ಗುರುತಿರುವ ಬ್ಯಾಂಕ್ ಕಾರ್ಡನ್ನು ಮೇಜಿನ ಮೇಲಿಡಿ. ಫೋನಿನ ಲಾಕ್ ತೆಗೆದು, ಕವರ್ ಕಳಚಿ, ಫೋನಿನ ಬೆನ್ನನ್ನು ಕಾರ್ಡಿಗೆ ತಾಗಿಸಿ ಕ್ಯಾಮೆರಾ ಇರುವ ತುದಿಯಿಂದ ಕೆಳಗಿನವರೆಗೆ ನಿಧಾನವಾಗಿ ಸರಿಸಿ. ಎಲ್ಲೋ ಒಂದು ಕಡೆ ಸದ್ದು ಅಥವಾ ನಡುಕ ಬರುತ್ತದೆ, ಇಲ್ಲವೇ ಟ್ಯಾಗ್ ಸಿಕ್ಕಿತು, ತೆರೆಯಲು ಆ್ಯಪ್ ಇಲ್ಲ ಎಂಬ ಸಂದೇಶ ಬರುತ್ತದೆ. ಆ ಜಾಗದ ಹಿಂದೆಯೇ ಆಂಟೆನಾ ಇದೆ. ಅಂಗಡಿಯಲ್ಲಿ ಮಷಿನ್‌ಗೆ ತಾಗಬೇಕಾದದ್ದು ಫೋನಿನ ಆ ಭಾಗ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ಬೆನ್ನಿನ ನಡುವೆ ಅಥವಾ ಕ್ಯಾಮೆರಾದ ಆಸುಪಾಸಿನಲ್ಲಿರುತ್ತದೆ. ಫೋನಿನ ಕೆಳತುದಿಯನ್ನು ಮಷಿನ್‌ಗೆ ಕುಟ್ಟುವವರಿಗೆ ಟ್ಯಾಪ್ ಆಗದಿರುವುದು ಇದಕ್ಕೇ. ಸ್ಯಾಮ್‌ಸಂಗ್‌ನಲ್ಲಿ ಎನ್‌ಎಫ್‌ಸಿ `Basic mode` ನಲ್ಲಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, `Standard mode` ಮಾಡಿ ನೋಡಿ.

ಈ ಪರೀಕ್ಷೆ ಗೆದ್ದರೆ ಚಿಪ್ಪು, ಆಂಟೆನಾ ಎರಡೂ ಸರಿ ಇವೆ ಎಂದರ್ಥ. ಪಾವತಿ ಆಗಿಯೇ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಇಲ್ಲಿ ಫೋನ್ ಕಾರ್ಡನ್ನು ಓದಿತು. ಅಂಗಡಿಯಲ್ಲಿ ಫೋನ್ ತಾನೇ ಕಾರ್ಡಿನ ವೇಷ ಹಾಕಬೇಕು, ಅದಕ್ಕೆ ಆ್ಯಪ್ ಬೇಕು.

ಯಾರು ಉತ್ತರ ಕೊಡಬೇಕು: ಡೀಫಾಲ್ಟ್ ಆ್ಯಪ್

ಹೆಚ್ಚು ಜನ ಎಡವುವುದು ಇಲ್ಲಿ. ಮಷಿನ್ ಹತ್ತಿರ ಬಂದ ಕೂಡಲೇ ಅದು ಫೋನಿಗೆ "ನಿನ್ನ ಹತ್ತಿರ ಯಾವ ಕಾರ್ಡ್ ಇದೆ" ಎಂದು ಕೇಳುತ್ತದೆ. ಫೋನಿನಲ್ಲಿ ಗೂಗಲ್ ಪೇ, ಸ್ಯಾಮ್‌ಸಂಗ್ ವ್ಯಾಲೆಟ್, ಬ್ಯಾಂಕಿನ ಸ್ವಂತ ಆ್ಯಪ್ ಮೂರೂ ಇದ್ದರೆ ಮೂರಕ್ಕೂ ಉತ್ತರಿಸುವ ಹಕ್ಕಿದೆ. ಎಲ್ಲವೂ ಒಟ್ಟಿಗೆ ಮಾತಾಡುವಂತಿಲ್ಲ, ಹಾಗಾಗಿ ಆಂಡ್ರಾಯ್ಡ್ ಆ ಪ್ರಶ್ನೆಯನ್ನು ಡೀಫಾಲ್ಟ್ ಎಂದು ಗುರುತಾದ ಒಂದೇ ಆ್ಯಪ್‌ಗೆ ದಾಟಿಸುತ್ತದೆ. ನಿಮ್ಮ ಕಾರ್ಡ್ ಗೂಗಲ್ ಪೇನಲ್ಲಿದ್ದು ಡೀಫಾಲ್ಟ್ ಸ್ಯಾಮ್‌ಸಂಗ್ ವ್ಯಾಲೆಟ್ ಆಗಿದ್ದರೆ, ಪ್ರಶ್ನೆ ಖಾಲಿ ವ್ಯಾಲೆಟ್‌ಗೆ ಹೋಗಿ ಅಲ್ಲೇ ಸಾಯುತ್ತದೆ. ಗೂಗಲ್ ಪೇಗೆ ಟ್ಯಾಪ್ ನಡೆದದ್ದೇ ಗೊತ್ತಾಗುವುದಿಲ್ಲ, ಆದ್ದರಿಂದ ಅದು ಯಾವ ದೋಷವನ್ನೂ ತೋರಿಸುವುದಿಲ್ಲ.

ಸರಿಪಡಿಸುವ ಜಾಗ ಎನ್‌ಎಫ್‌ಸಿ ಪುಟದಲ್ಲೇ ಇದೆ. ಸ್ವಿಚ್‌ನ ಕೆಳಗೆ `Contactless payments` ಎಂಬ ಸಾಲು ಒತ್ತಿದರೆ ಟ್ಯಾಪ್ ಮಾಡಬಲ್ಲ ಆ್ಯಪ್‌ಗಳ ಪಟ್ಟಿ ಬರುತ್ತದೆ, ಕಾರ್ಡ್ ಇರುವ ಆ್ಯಪನ್ನು ಆರಿಸಿ. ಆಂಡ್ರಾಯ್ಡ್ 15 ಬಂದ ಮೇಲೆ ಕೆಲವು ಫೋನ್‌ಗಳಲ್ಲಿ ಈ ಆಯ್ಕೆ `Apps` ಒಳಗಿನ `Default apps` ಪುಟದಲ್ಲಿ, ವ್ಯಾಲೆಟ್ ಎಂಬ ಸಾಲಿನಲ್ಲಿ ಇರುತ್ತದೆ. ಹಳೆಯ ಶಿಯೋಮಿ ಫೋನ್‌ಗಳಲ್ಲಿ ಇನ್ನೊಂದು ಸಾಲು ಕಾಡುತ್ತದೆ. ಎನ್‌ಎಫ್‌ಸಿ ಪುಟದಲ್ಲಿ ಸೆಕ್ಯೂರ್ ಎಲಿಮೆಂಟ್, ಅಂದರೆ ಕಾರ್ಡಿನ ಗುಟ್ಟಿನ ಮಾಹಿತಿ ಇಡುವ ಜಾಗ, ಎಲ್ಲಿದೆ ಎಂದು ಕೇಳುವ ಆಯ್ಕೆ ಇದ್ದರೆ, ಅದರಲ್ಲಿ `HCE` ಎಂಬ ಅಕ್ಷರಗಳಿರುವುದನ್ನು ಆರಿಸಬೇಕು. ಗೂಗಲ್ ಪೇ ಆ ದಾರಿಯಲ್ಲೇ ಕೆಲಸ ಮಾಡುತ್ತದೆ.

ಡೀಫಾಲ್ಟ್ ಸರಿ ಇದ್ದೂ ಒಮ್ಮೊಮ್ಮೆ ತಪ್ಪು ಆ್ಯಪ್ ಏಳುವುದಕ್ಕೆ ಇನ್ನೊಂದು ಕಾರಣವಿದೆ. ಹಲವು ಫೋನ್‌ಗಳಲ್ಲಿ, ಬೇರೆ ಪೇಮೆಂಟ್ ಆ್ಯಪ್ ಪರದೆಯ ಮೇಲೆ ತೆರೆದಿದ್ದರೆ ಅದಕ್ಕೇ ಮೊದಲ ಅವಕಾಶ ಎಂಬ ಆಯ್ಕೆ ಇರುತ್ತದೆ. ಬ್ಯಾಲೆನ್ಸ್ ನೋಡಲೆಂದು ಬ್ಯಾಂಕ್ ಆ್ಯಪ್ ತೆರೆದು ಹಾಗೇ ಟ್ಯಾಪ್ ಮಾಡಿದರೆ ಪ್ರಶ್ನೆ ಆ ಆ್ಯಪ್‌ಗೆ ಹೋಗಬಹುದು. ಹೋಮ್ ಪರದೆಗೆ ಬಂದು ಟ್ಯಾಪ್ ಮಾಡಿ. ಇದನ್ನೇ ಅನುಕೂಲಕ್ಕೂ ಬಳಸಿಕೊಳ್ಳಬಹುದು. ಎರಡು ಆ್ಯಪ್‌ಗಳಲ್ಲಿ ಎರಡು ಕಾರ್ಡ್ ಇಟ್ಟವರು ಬೇಕಾದುದನ್ನು ತೆರೆದಿಟ್ಟುಕೊಂಡು ಟ್ಯಾಪ್ ಮಾಡಿದರೆ, ಪ್ರತಿ ಸಲ ಡೀಫಾಲ್ಟ್ ಬದಲಿಸುವ ತಾಪತ್ರಯ ತಪ್ಪುತ್ತದೆ.

ಲಾಕ್ ವಿಷಯಕ್ಕೆ ಬಂದರೆ, ಗೂಗಲ್ ಪೇಗೆ ಫೋನ್ ಲಾಕ್ ತೆಗೆದು ತಾಗಿಸಬೇಕು. ಸ್ಯಾಮ್‌ಸಂಗ್ ವ್ಯಾಲೆಟ್‌ನಲ್ಲಿ ಕಾರ್ಡ್ ಮೇಲೆತ್ತಿ ಬೆರಳಚ್ಚು ಅಥವಾ ಪಿನ್ ಕೊಟ್ಟ ಮೇಲೆ ಕೆಲವೇ ಸೆಕೆಂಡ್ ಕಾರ್ಡ್ ಎಚ್ಚರವಾಗಿರುತ್ತದೆ. ಅಂಗಡಿಯವರು ಮೊತ್ತ ಒತ್ತುವ ಮೊದಲೇ ಬೆರಳು ಕೊಟ್ಟುಬಿಟ್ಟರೆ ಮಷಿನ್ ಸಿದ್ಧವಾಗುವಷ್ಟರಲ್ಲಿ ಅದು ಮಲಗಿರುತ್ತದೆ. ಮೊದಲು ಮಷಿನ್, ಆಮೇಲೆ ಬೆರಳು ಎಂಬ ಕ್ರಮ ನೆನಪಿಡಿ.

ಸ್ಕ್ರೀನ್ ಲಾಕನ್ನೇ ತೆಗೆದುಹಾಕಿದ್ದರೆ ಗೂಗಲ್ ಪೇ ಟ್ಯಾಪ್‌ಗೆ ಇಟ್ಟ ಕಾರ್ಡುಗಳನ್ನು ಅಳಿಸುತ್ತದೆ. ಫೋನ್ ರಿಪೇರಿಗೆ ಕೊಡುವಾಗ ಲಾಕ್ ತೆಗೆದು ಕೊಟ್ಟವರು ವಾಪಸ್ ಬಂದ ಮೇಲೆ ಲಾಕ್ ಹಾಕಿ, ಕಾರ್ಡನ್ನು ಮತ್ತೆ ಓಟಿಪಿ ಕೊಟ್ಟು ಸೇರಿಸಬೇಕು. ರೂಟ್ ಮಾಡಿದ ಫೋನ್‌ನಲ್ಲಿ, ಅಥವಾ ಬೂಟ್‌ಲೋಡರ್ ಬಿಚ್ಚಿದ ಫೋನ್‌ನಲ್ಲಿ, ಭದ್ರತಾ ಪರೀಕ್ಷೆ ಸೋಲುವುದರಿಂದ ಟ್ಯಾಪ್ ಒಪ್ಪುವುದೇ ಇಲ್ಲ. ಇಂಟರ್ನೆಟ್ ಇಲ್ಲದಾಗಲೂ ಕೆಲವು ಟ್ಯಾಪ್ ನಡೆಯುತ್ತವೆ. ಮುಂಚೆಯೇ ಇಳಿಸಿಟ್ಟುಕೊಂಡ ಒಂದು ಸಲದ ಕೀಲಿಗಳು ಮುಗಿದ ಮೇಲೆ ಫೋನ್ ಆನ್‌ಲೈನ್ ಬಂದು ಹೊಸ ಕೀಲಿ ಪಡೆಯಲೇಬೇಕು. ನೆಲಮಾಳಿಗೆಯ ಅಂಗಡಿಗಳಲ್ಲಿ ಇದು ಅನುಭವಕ್ಕೆ ಬರುತ್ತದೆ.

ಕವರ್ ಮತ್ತು ಅದರೊಳಗೆ ಅಡಗಿದ ವಸ್ತುಗಳು

ಸಾಮಾನ್ಯ ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಕವರ್ ಟ್ಯಾಪ್‌ಗೆ ಅಡ್ಡಿ ಮಾಡುವುದಿಲ್ಲ. ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನ ಕಾಂತಕ್ಷೇತ್ರದಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಎರಡು ಮಿಲಿಮೀಟರ್ ಪ್ಲಾಸ್ಟಿಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಲೋಹದ ವಿಷಯ ಬೇರೆ.

ಕಾರಿನ ಮ್ಯಾಗ್ನೆಟ್ ಹೋಲ್ಡರ್ ಜೊತೆ ಬರುವ ತೆಳ್ಳನೆಯ ಉಕ್ಕಿನ ಬಿಲ್ಲೆ ನೋಡಿರುತ್ತೀರಿ. ಅದನ್ನು ಫೋನ್ ಮತ್ತು ಕವರ್ ನಡುವೆ, ಸರಿಯಾಗಿ ಬೆನ್ನಿನ ಮಧ್ಯಕ್ಕೆ ಸಿಕ್ಕಿಸುತ್ತಾರೆ. ಕವರ್ ಹಾಕಿದ ಮೇಲೆ ಕಾಣುವುದಿಲ್ಲ, ತಿಂಗಳು ಕಳೆದರೆ ಅದು ಅಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಮಷಿನ್‌ನ ಕ್ಷೇತ್ರ ಆ ಬಿಲ್ಲೆಗೆ ತಾಗಿದಾಗ ಅದರಲ್ಲಿ ಸುಳಿಯಂತೆ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ ಹುಟ್ಟಿಸುವ ಕ್ಷೇತ್ರ ಮಷಿನ್‌ನ ಕ್ಷೇತ್ರಕ್ಕೆ ಎದುರಾಗಿ ನಿಂತು ಅದನ್ನು ಕುಗ್ಗಿಸುತ್ತದೆ, ಫೋನಿನ ಆಂಟೆನಾದ ಶ್ರುತಿಯನ್ನೂ 13.56ರಿಂದ ಆಚೆ ತಳ್ಳುತ್ತದೆ. ಬಿಲ್ಲೆಯನ್ನು ಆಂಟೆನಾದಿಂದ ದೂರ, ಫೋನಿನ ಕೆಳತುದಿಗೆ ಸರಿಸಿದರೆ ಅನೇಕ ಫೋನ್‌ಗಳು ಮತ್ತೆ ಟ್ಯಾಪ್ ಆಗುತ್ತವೆ. ಬೆರಳು ತೂರಿಸುವ ಲೋಹದ ರಿಂಗ್, ಲೋಹದ ಸ್ಟ್ಯಾಂಡ್, ಕಾರ್ಬನ್ ಫೈಬರ್ ಕವರ್, ಬ್ಯಾಟರಿ ಇರುವ ಕವರ್ ಇವೂ ಇದೇ ಜಾತಿಯವು. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್‌ನಂತೆ ಕಂಡರೂ ವಿದ್ಯುತ್ ಹರಿಸುತ್ತದೆ.

ಎರಡನೆಯದು ಫ್ಲಿಪ್ ಕವರ್ ಅಥವಾ ಹಿಂಬದಿಯ ಜೇಬಿನಲ್ಲಿಟ್ಟ ಕಾರ್ಡ್. ಇಲ್ಲಿ ಸಂಕೇತ ತಡೆಯಾಗುವುದಿಲ್ಲ, ಗದ್ದಲವಾಗುತ್ತದೆ. ಮಷಿನ್ ಕೇಳಿದ ಪ್ರಶ್ನೆಗೆ ಫೋನೂ ಉತ್ತರಿಸುತ್ತದೆ, ಜೇಬಿನಲ್ಲಿರುವ ಡೆಬಿಟ್ ಕಾರ್ಡೂ ಉತ್ತರಿಸುತ್ತದೆ, ಮೆಟ್ರೊ ಕಾರ್ಡೂ ಉತ್ತರಿಸಬಹುದು. ಮಷಿನ್ ಒಂದೇ ಕಾರ್ಡ್ ಹಿಡಿಯಲು ಹೇಳಿ ನಿಲ್ಲುತ್ತದೆ. ಇನ್ನೂ ಕೆಟ್ಟ ಸಾಧ್ಯತೆ ಎಂದರೆ ಫೋನಿಗಿಂತ ಮೊದಲು ಪ್ಲಾಸ್ಟಿಕ್ ಕಾರ್ಡ್ ಉತ್ತರಿಸಿ, ನೀವು ಅಂದುಕೊಳ್ಳದ ಖಾತೆಯಿಂದ ಹಣ ಹೋಗಿಬಿಡುವುದು. ಫೋನಿನ ಬೆನ್ನಿಗೆ ಕಾರ್ಡ್ ಇಡುವ ಅಭ್ಯಾಸವನ್ನೇ ಬಿಡಿ ಎಂಬುದು ನಮ್ಮ ಸಲಹೆ.

ಕವರ್ ಕಾರಣವೇ ಎಂದು ಖಚಿತಪಡಿಸಿಕೊಳ್ಳಲು ಮೆಟ್ರೊ ಕಾರ್ಡ್ ಪರೀಕ್ಷೆಯನ್ನೇ ಎರಡು ಸಲ ಮಾಡಿ. ಕವರ್ ಇಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ. ಕವರ್ ಇಲ್ಲದಾಗ ಬೆರಳಿನಷ್ಟು ಎತ್ತರದಿಂದಲೇ ಸದ್ದು ಬಂದು, ಹಾಕಿದಾಗ ಒತ್ತಿ ಹಿಡಿದರೂ ಬರದಿದ್ದರೆ ಬೇರೆ ಪುರಾವೆ ಬೇಡ.

ಒಂದು ಉದಾಹರಣೆ, ಹೆಜ್ಜೆ ಹೆಜ್ಜೆಯಾಗಿ

ಸ್ಯಾಮ್‌ಸಂಗ್ ಫೋನ್, ಫ್ಲಿಪ್ ಕವರ್, ಅದರ ಜೇಬಿನಲ್ಲಿ ಒಂದು ಡೆಬಿಟ್ ಕಾರ್ಡ್ ಮತ್ತು ಮೆಟ್ರೊ ಕಾರ್ಡ್. ಕ್ರೆಡಿಟ್ ಕಾರ್ಡನ್ನು ಗೂಗಲ್ ಪೇಗೆ ಸೇರಿಸಲಾಗಿದೆ. ಔಷಧಿ ಅಂಗಡಿಯಲ್ಲಿ ಬಿಲ್ 1,840 ರೂಪಾಯಿ. ಮೊದಲ ಟ್ಯಾಪ್‌ಗೆ ಮಷಿನ್ ಒಂದೇ ಕಾರ್ಡ್ ಹಿಡಿಯಿರಿ ಎನ್ನುತ್ತದೆ. ಅಂದರೆ ಎನ್‌ಎಫ್‌ಸಿ ಚಾಲೂ ಇದೆಯೇ ಎಂದು ಈಗಲೇ ತಡಕಾಡಬೇಕಿಲ್ಲ, ಸಂಕೇತಗಳು ಹೆಚ್ಚಾಗಿರುವುದೇ ತೊಂದರೆ. ಕಾರ್ಡುಗಳನ್ನು ಜೇಬಿನಿಂದ ತೆಗೆದು, ಅಂಗಡಿಯವರಿಗೆ ಮೊತ್ತ ಮತ್ತೆ ಹಾಕಲು ಹೇಳಿ, ಎರಡನೇ ಟ್ಯಾಪ್. ಈಗ ಫೋನ್ ನಡುಗಿ ಸ್ಯಾಮ್‌ಸಂಗ್ ವ್ಯಾಲೆಟ್ ತೆರೆದುಕೊಂಡು ಕಾರ್ಡ್ ಸೇರಿಸಿ ಎನ್ನುತ್ತದೆ, ಮಷಿನ್ ಹಾಗೇ ಕಾಯುತ್ತದೆ. ಮೇಲಿನ ಪಟ್ಟಿಯ ಎರಡನೇ ಸ್ಥಿತಿ ಇದು. `Contactless payments` ಗೆ ಹೋಗಿ ಗೂಗಲ್ ಪೇ ಆರಿಸಿ, ಹೋಮ್ ಪರದೆಗೆ ಬಂದು, ಲಾಕ್ ತೆಗೆದ ಫೋನಿನ ಬೆನ್ನಿನ ನಡುಭಾಗವನ್ನು ಅಲೆಯ ಗುರುತಿನ ಮೇಲೆ ಒಂದೆರಡು ಸೆಕೆಂಡ್ ಅಲುಗಿಸದೆ ಹಿಡಿಯಬೇಕು. ಮೂರನೇ ಟ್ಯಾಪ್‌ಗೆ ಬೀಪ್, ಚೀಟಿ. ಎರಡು ಬೇರೆ ಬೇರೆ ದೋಷ ಒಂದರ ಹಿಂದೆ ಒಂದು ಅಡಗಿದ್ದವು. ಮೊದಲನೆಯದು ಸರಿಯಾದ ಮೇಲೆ ಸಂದೇಶ ಬದಲಾಯಿತು ಎಂಬುದನ್ನು ಗಮನಿಸದಿದ್ದರೆ "ಕಾರ್ಡ್ ತೆಗೆದರೂ ಆಗಲಿಲ್ಲ" ಎಂದು ಕೈಚೆಲ್ಲಿಬಿಡುತ್ತಿದ್ದರು.

ಮಷಿನ್ ಓದಿಯೂ ಬೇಡ ಎಂದರೆ

ಬೀಪ್ ಆದ ಮೇಲೆ `DECLINED` ಬಂದರೆ ಫೋನಿನ ಸೆಟ್ಟಿಂಗ್ ಮುಟ್ಟಬೇಡಿ, ಬ್ಯಾಂಕ್ ಆ್ಯಪ್ ತೆರೆಯಿರಿ. ರಿಸರ್ವ್ ಬ್ಯಾಂಕ್ 2020ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಹೊಸ ಕಾರ್ಡ್‌ನಲ್ಲಿ ಟ್ಯಾಪ್ ಸೌಲಭ್ಯ ಬಂದ್ ಆಗಿಯೇ ಬರುತ್ತದೆ, ಗ್ರಾಹಕರೇ ಅದನ್ನು ಚಾಲೂ ಮಾಡಬೇಕು. ಕಾರ್ಡ್ ಸೆಟ್ಟಿಂಗ್‌ನಲ್ಲಿ ಟ್ಯಾಪ್ ಅಥವಾ ಕಾಂಟ್ಯಾಕ್ಟ್‌ಲೆಸ್ ಎಂಬ ಸ್ವಿಚ್ ಆನ್ ಇದೆಯೇ, ಅದರ ದಿನದ ಮಿತಿ ನಿಮ್ಮ ಬಿಲ್‌ಗಿಂತ ಕಡಿಮೆ ಇದೆಯೇ ನೋಡಿ.

ಪಿನ್ ಇಲ್ಲದೆ ಟ್ಯಾಪ್ ಮಾಡಬಹುದಾದ ಗರಿಷ್ಠ ಮೊತ್ತ 2021ರ ಜನವರಿ 1ರಿಂದ 5,000 ರೂಪಾಯಿ, ಅದಕ್ಕೂ ಮೊದಲು 2,000 ಇತ್ತು. ಬಿಲ್ ಅದನ್ನು ಮೀರಿದರೆ ಮಷಿನ್ ಪಿನ್ ಕೇಳಬಹುದು. ಆಗ ಒತ್ತಬೇಕಾದದ್ದು ಎಟಿಎಂನಲ್ಲಿ ಬಳಸುವ ಆ ಕಾರ್ಡಿನ ಪಿನ್. ಅಭ್ಯಾಸಬಲದಿಂದ ಯುಪಿಐ ಪಿನ್ ಒತ್ತಿ ವಹಿವಾಟು ಕೆಡಿಸಿಕೊಳ್ಳುವವರು ಕಡಿಮೆಯಿಲ್ಲ.

ಮಷಿನ್‌ನಿಂದ ಚೀಟಿ ಬರಲಿಲ್ಲ, ಆದರೆ ಹಣ ಕಡಿತವಾದ ಎಸ್‌ಎಂಎಸ್ ಬಂತು ಎಂದಾದರೆ ಕೂಡಲೇ ಮತ್ತೆ ಟ್ಯಾಪ್ ಮಾಡಬೇಡಿ. ಹಿಂದಿನ ವಹಿವಾಟು ಮಷಿನ್‌ನಲ್ಲಿ ದಾಖಲಾಗಿದೆಯೇ ಎಂದು ಅಂಗಡಿಯವರ ಹತ್ತಿರ ನೋಡಿಸಿ. ದಾಖಲಾಗಿಲ್ಲದಿದ್ದರೆ ವಹಿವಾಟಿನ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿದೆ. ಎಸ್‌ಎಂಎಸ್ ಅಳಿಸದೆ ಇಟ್ಟುಕೊಳ್ಳಿ.

ಟ್ಯಾಪ್ ಸರಿಯಾಗಿ ಆದ ಮೇಲೂ ಚೀಟಿ ನೋಡಿ ಗಾಬರಿಯಾಗುವವರಿದ್ದಾರೆ, ಅದರ ಮೇಲಿನ ಕೊನೆಯ ನಾಲ್ಕು ಅಂಕಿ ತಮ್ಮ ಕಾರ್ಡಿನದಲ್ಲ ಎಂದು. ಫೋನ್ ನಿಮ್ಮ ನಿಜವಾದ ಕಾರ್ಡ್ ಸಂಖ್ಯೆಯನ್ನು ಮಷಿನ್‌ಗೆ ಕೊಡುವುದೇ ಇಲ್ಲ, ಅದರ ಬದಲಿಗೆ ಆ ಫೋನಿಗೆಂದೇ ಬ್ಯಾಂಕ್ ಒಪ್ಪಿದ ಇನ್ನೊಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯ ಕೊನೆಯ ಅಂಕಿಗಳು ಆ್ಯಪ್‌ನಲ್ಲಿ ಕಾರ್ಡಿನ ವಿವರದಲ್ಲಿ ಸಿಗುತ್ತವೆ. ಸಾಮಾನು ವಾಪಸ್ ಕೊಟ್ಟು ಹಣ ಕೇಳುವಾಗ ಅಂಗಡಿಯವರು ಕಾರ್ಡ್ ಅಂಕಿ ಕೇಳಿದರೆ ಚೀಟಿಯಲ್ಲಿರುವುದನ್ನೇ ಹೇಳಿ, ಮತ್ತೆ ಟ್ಯಾಪ್ ಮಾಡಿ ಎಂದರೆ ಕೊಂಡಾಗ ಬಳಸಿದ ಫೋನನ್ನೇ ತಾಗಿಸಿ.